ಆ ರಾತ್ರಿಯ ಪುಟವನ್ನು ಇವತ್ತು ಯಾರು ಬರೆಯಬೇಕು?

ಓದುಗರ ಪ್ರಶ್ನೆ: ಸರ್, ನಾನು ಹುಮನಾಬಾದ್ ಕಡೆಯವನು. ಎಂ.ಎಸ್ಸಿ ಕೆಮಿಸ್ಟ್ರಿ ಮುಗಿಸಿ ಬೀದರ್‌ನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಔಷಧ ಕಾರ್ಖಾನೆಯಲ್ಲಿ ಎರಡು ವರ್ಷದಿಂದ ಪ್ರೊಡಕ್ಷನ್ ಕೆಮಿಸ್ಟ್ ಆಗಿದ್ದೇನೆ. ಮೂರು ವಾರದ ಹಿಂದೆ ಒಂದು ರಾತ್ರಿ ನಮ್ಮ ರಿಯಾಕ್ಟರ್‌ನಲ್ಲಿ ಬಿಪಿ ಔಷಧದ ಬ್ಯಾಚ್ 11:40ಕ್ಕೆ ಖಾಲಿಯಾಯಿತು. ಬೆಳಿಗ್ಗೆ 6:20ಕ್ಕೆ ಅದೇ ರಿಯಾಕ್ಟರ್‌ಗೆ ಶುಗರ್ ಔಷಧದ ಬ್ಯಾಚ್ ಚಾರ್ಜ್ ಮಾಡಿದ್ದಾರೆ. ನಡುವೆ ಕ್ಲೀನಿಂಗ್ ಆದ ಬಗ್ಗೆ ಲಾಗ್‌ಬುಕ್‌ನಲ್ಲಿ ಏನೂ ಬರೆದಿಲ್ಲ. ಆ ರಾತ್ರಿ ಡ್ಯೂಟಿಯಲ್ಲಿದ್ದ ಕೆಮಿಸ್ಟ್ ಕೆಲಸ ಬಿಟ್ಟು ಹೈದರಾಬಾದ್‌ಗೆ ಹೋಗಿದ್ದಾರೆ. ಇನ್ನು 9 ದಿನಕ್ಕೆ ಗಿರಾಕಿ ಕಂಪನಿಯ ಆಡಿಟ್ ಇದೆ. ನಮ್ಮ ಮ್ಯಾನೇಜರ್ ಸಾಹೇಬ್ರು ನನ್ನ ಕರೆದು, 'ಮಾಡಿದವರು' ಜಾಗದಲ್ಲಿ ಅವರ ಇನಿಷಿಯಲ್, 'ಪರಿಶೀಲಿಸಿದವರು' ಜಾಗದಲ್ಲಿ ನನ್ನ ಸಹಿ ಹಾಕಿ ಹಳೇ ತಾರೀಖಿನಲ್ಲಿ ಬರೆದುಬಿಡು ಅಂದರು. 'ಏನ್ ಆಗ್ತದ, ಎಲ್ಲಾರೂ ಬರೀತಾರ. ಕೆಲಸ ಆಗೇದ, ಬರೆಯೋದಷ್ಟೇ ಬಾಕಿ' ಅಂತಾರೆ. ಆ ದಿನ ನನಗೆ ವಾರದ ರಜೆ ಇತ್ತು. ಮನೆಯಲ್ಲಿ ದುಡಿಯುವವನು ನಾನೊಬ್ಬನೇ, ತಂಗಿಯ ಮದುವೆ ಸಾಲ ಇದೆ. ಆಗಲ್ಲ ಅಂದರೆ ಕೆಲಸ ಹೋಗುತ್ತಾ? ಬರೆದರೆ ನನಗೇನಾಗುತ್ತೆ? (ಹೆಸರು ಬೇಡ ಎಂದು ಕೇಳಿದ್ದಾರೆ)

ಉತ್ತರ: ಹೌದು ಅಂತಲೋ ಇಲ್ಲ ಅಂತಲೋ ಮ್ಯಾನೇಜರ್‌ಗೆ ಹೇಳುವ ಮೊದಲು ಒಂದು ಕೆಲಸ ಮಾಡಿ. ಸ್ಟೋರ್ಸ್‌ನಲ್ಲಿ ರಿಯಾಕ್ಟರ್ ತೊಳೆಯಲು ಆ ರಾತ್ರಿ ಕೊಟ್ಟ ಮೆಥನಾಲ್‌ನ ಇಶ್ಯೂ ಸ್ಲಿಪ್ ಇದೆಯಾ ನೋಡಿ. ನಿಮ್ಮ ಕೆಲಸದ ಭಾಗವಾಗಿ ನೋಡಬಹುದಾದ ದಾಖಲೆ ಅದು, ಯಾರ ಅನುಮತಿಯೂ ಬೇಕಾಗಲ್ಲ. ಅದರ ಜೊತೆ ಕ್ಯೂಸಿ ಲ್ಯಾಬ್‌ನ ಸ್ಯಾಂಪಲ್ ಇನ್‌ವರ್ಡ್ ರಿಜಿಸ್ಟರ್‌ನಲ್ಲಿ ಆ ರಿಯಾಕ್ಟರ್‌ನ ರಿನ್ಸ್ ಸ್ಯಾಂಪಲ್, ಅಂದರೆ ಕೊನೆಗೆ ತೊಳೆದ ದ್ರವದ ಮಾದರಿ, ಬಂದಿದೆಯಾ ಅಂತಲೂ ನೋಡಿ.

ಇದನ್ನೇ ಮೊದಲು ಹೇಳಲು ಕಾರಣ ಇದೆ. ನಿಮ್ಮ ಸಾಹೇಬರು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಮಾತಿನಲ್ಲಿ ಕಟ್ಟಿದ್ದಾರೆ. ಕೆಲಸ ಆಗಿದೆ, ಬರೆಯುವುದು ಬಿಟ್ಟುಹೋಗಿದೆ ಅನ್ನುವುದು ಒಂದು. ಕೆಲಸವೇ ಆಗಿಲ್ಲ, ಆಗಿದೆ ಅಂತ ಬರೆಯಬೇಕು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಮ್ಮ ಉದ್ಯಮದಲ್ಲೇ ಒಪ್ಪಿತವಾದ ದಾರಿ ಇದೆ. ಎರಡನೆಯದಕ್ಕೆ ಯಾವ ದಾರಿಯೂ ಇಲ್ಲ, ಅಲ್ಲಿ ಇರುವುದು ಆ ಬ್ಯಾಚನ್ನು ತಡೆಹಿಡಿಯುವ ಪ್ರಶ್ನೆ ಮಾತ್ರ. ನಿಮ್ಮದು ಯಾವುದು ಅಂತ ಗೊತ್ತಾಗದೆ ನೀವು ಏನು ಮಾತಾಡಿದರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ನೀವು ಬರೆದ ಎರಡು ಸಮಯಗಳನ್ನು ಇಟ್ಟುಕೊಂಡು ಒಂದು ಲೆಕ್ಕ ಹಾಕೋಣ. 11:40ರಿಂದ 6:20ಕ್ಕೆ 6 ಗಂಟೆ 40 ನಿಮಿಷ. ಒಂದು ಔಷಧದಿಂದ ಇನ್ನೊಂದು ಔಷಧಕ್ಕೆ ಬದಲಾಗುವಾಗ ಮಾಡುವ ಕ್ಲೀನಿಂಗ್ ಸುಮ್ನೆ ನೀರು ಹಾಯಿಸುವುದಲ್ಲ. ನಾನು ನೋಡಿದ ಘಟಕಗಳಲ್ಲಿ ಇಂಥ ರಿಯಾಕ್ಟರ್‌ಗೆ ಆಗುತ್ತಿದ್ದುದು ಹೆಚ್ಚುಕಡಿಮೆ ಹೀಗೆ. ಮೊದಲ ನೀರಿನ ತೊಳೆತಕ್ಕೆ ಮುಕ್ಕಾಲು ಗಂಟೆ. ಮೆಥನಾಲ್ ಹಾಕಿ, ಕಾಯಿಸಿ, ಕುದಿಸಿ ಮುಗಿಸಲು 3 ಗಂಟೆ. ತಣ್ಣಗಾಗಿಸಿ ಇಳಿಸಲು ಒಂದೂಕಾಲು ಗಂಟೆ. ಕೊನೆಯ ರಿನ್ಸ್‌ಗೆ ಮುಕ್ಕಾಲು ಗಂಟೆ. ರಿನ್ಸ್ ಸ್ಯಾಂಪಲ್ ಲ್ಯಾಬ್‌ಗೆ ಹೋಗಿ ರಿಸಲ್ಟ್ ಬರಲು ಎರಡೂವರೆ ಗಂಟೆ. ನೈಟ್ರೋಜನ್‌ನಲ್ಲಿ ಒಣಗಿಸಲು ಒಂದು ಗಂಟೆ. ಕೂಡಿದರೆ 9 ಗಂಟೆ 15 ನಿಮಿಷ. ಲ್ಯಾಬ್ ಪರೀಕ್ಷೆ ನಡೆಯುವಾಗಲೇ ಒಣಗಿಸಿದರು ಅಂದುಕೊಂಡರೂ 8 ಗಂಟೆ 15 ನಿಮಿಷ ಬೇಕು. ನಿಮ್ಮ ಎಸ್‌ಒಪಿಯಲ್ಲಿ, ಅಂದರೆ ಕೆಲಸದ ಲಿಖಿತ ವಿಧಾನದಲ್ಲಿ, ಸಮಯ ಬೇರೆ ಇರಬಹುದು, ಅದನ್ನೇ ತೆಗೆದು ಕೂಡಿ ನೋಡಿ. ಆ 6 ಗಂಟೆ 40 ನಿಮಿಷದಲ್ಲಿ ಅದು ಹಿಡಿಸದಿದ್ದರೆ, ಎಷ್ಟೇ ಚೆನ್ನಾಗಿ ಬರೆದರೂ ಆ ಪುಟ ನಿಲ್ಲುವುದಿಲ್ಲ.

ಇಲ್ಲಿ 'ಯಾರಿಗೆ ಗೊತ್ತಾಗುತ್ತೆ' ಅನ್ನುವ ನಂಬಿಕೆಯ ಬಗ್ಗೆ ಹೇಳಬೇಕು. ನಮ್ಮ ಕಡೆ ತುಂಬ ಮ್ಯಾನೇಜರ್‌ಗಳು ಆಡಿಟರ್ ಅಂದರೆ ಲಾಗ್‌ಬುಕ್ ಓದುವವನು ಅಂದುಕೊಂಡಿದ್ದಾರೆ. ಅವನು ಲಾಗ್‌ಬುಕ್ ಓದುವುದು ಕಡಿಮೆ. ಒಂದು ಪುಟ ತೆಗೆದು, ಆ ಪುಟ ನಿಜವಾಗಿದ್ದರೆ ಇನ್ನೆಲ್ಲೆಲ್ಲಿ ಅದರ ಗುರುತು ಬಿದ್ದಿರಬೇಕು ಅಂತ ಹುಡುಕುತ್ತಾನೆ. ಮೆಥನಾಲ್ ಕುದಿಸಿದ್ದರೆ ಸ್ಟೋರ್ಸ್‌ನಲ್ಲಿ ಲೀಟರ್ ಲೆಕ್ಕ ಇಳಿದಿರಬೇಕು. ಆ ಮೆಥನಾಲ್ ಮತ್ತೆ ಎಲ್ಲಿಗೆ ಹೋಯಿತು ಅಂತ ಸಾಲ್ವೆಂಟ್ ರಿಕವರಿಯಲ್ಲೋ ತ್ಯಾಜ್ಯ ನೀರು ಶುದ್ಧ ಮಾಡುವ ಇಟಿಪಿಯಲ್ಲೋ ಇರಬೇಕು. ರಿಯಾಕ್ಟರ್‌ನ ಉಷ್ಣತೆ ಏರಿ ಇಳಿದದ್ದು ರೆಕಾರ್ಡರ್‌ನಲ್ಲಿ ಇರಬೇಕು. ಲ್ಯಾಬ್‌ನಲ್ಲಿ ಔಷಧದ ಅಂಶ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಓಡಿದ್ದರೆ ಅದರ ಆಡಿಟ್ ಟ್ರೇಲ್‌ನಲ್ಲಿ ತಾರೀಖು, ಗಂಟೆ, ನಿಮಿಷ, ಲಾಗಿನ್ ಹೆಸರು ಎಲ್ಲ ಇರುತ್ತದೆ. ಅದನ್ನು ಪೆನ್ನಿನಿಂದ ತಿದ್ದಲು ಬರುವುದಿಲ್ಲ. ಕೊನೆಗೆ, 'ಪರಿಶೀಲಿಸಿದವರು' ಅಂತ ಸಹಿ ಹಾಕಿದ ನೀವು ಆ ರಾತ್ರಿ ಗೇಟಿನೊಳಗೆ ಬಂದಿರಬೇಕು. ನಿಮ್ಮ ಬಯೋಮೆಟ್ರಿಕ್‌ನಲ್ಲಿ ಅವತ್ತು ವೀಕ್ಲಿ ಆಫ್ ಅಂತ ಇದೆ. ಹೀಗೆ ಒಂದು ಪುಟದ ಸುಳ್ಳಿಗೆ ಐದು ಕಡೆ ಸಾಕ್ಷಿ ಬೇಕು. ಅವುಗಳಲ್ಲಿ ನಾಲ್ಕು ನಿಮ್ಮ ಸಾಹೇಬರ ಕೈಯಲ್ಲಿ ಇಲ್ಲ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಾನು ಈ ಕ್ಷೇತ್ರದಲ್ಲಿ 28 ವರ್ಷ ಇದ್ದೆ, ಕೊನೆಯ ಹನ್ನೆರಡು ವರ್ಷ ಕ್ವಾಲಿಟಿ ವಿಭಾಗದ ಮುಖ್ಯಸ್ಥನಾಗಿ. ಕೆಲಸಕ್ಕೆ ಸೇರಿದ ಎರಡನೇ ವರ್ಷದಲ್ಲಿ, ಈಗ ನಿಮ್ಮ ವಯಸ್ಸೇ ಇರಬೇಕು, ಡ್ರೈಯರ್‌ನ ಗಂಟೆಗಂಟೆಯ ಉಷ್ಣತೆ ಬರೆಯದೆ ಬಿಟ್ಟಿದ್ದ ಪುಟವನ್ನು ಮೇಲಿನವರು ಹೇಳಿದರು ಅಂತ ತುಂಬಿದೆ. ಎಲ್ಲ ಎಂಟು ರೀಡಿಂಗ್‌ಗೂ ಒಂದೇ ಪೆನ್, ಒಂದೇ ಓರೆ, ಒಂದೇ ಶಾಯಿ. ಬಂದ ಆಡಿಟರ್ ಮಾತೇ ಆಡಲಿಲ್ಲ. ಆ ಪುಟವನ್ನೂ ಹಿಂದಿನ ದಿನದ ಪುಟವನ್ನೂ ಅಕ್ಕಪಕ್ಕ ಇಟ್ಟ. ಹಿಂದಿನ ಪುಟದಲ್ಲಿ ಎಣ್ಣೆಯ ಬೆರಳಚ್ಚು, ಒಂದೆರಡು ತಿದ್ದುಪಡಿ, ಎರಡು ಬಗೆಯ ಕೈಬರಹ ಇತ್ತು. ನನ್ನ ಪುಟ ಮದುವೆ ಕಾರ್ಡಿನ ಹಾಗೆ ಶುಭ್ರವಾಗಿತ್ತು. ಆಮೇಲೆ ನಡೆದ ಮೀಟಿಂಗ್‌ನಲ್ಲಿ ನನಗೆ ಬರೆಯಲು ಹೇಳಿದವರು ಎದುರಿಗೇ ಕೂತಿದ್ದರು. ಅವರು ತಲೆ ಎತ್ತಲಿಲ್ಲ. ನನ್ನನ್ನು ಸಸ್ಪೆಂಡ್ ಮಾಡಿದರು. ಬಾಯಿಮಾತಿನಲ್ಲಿ ಬಂದ ಆದೇಶಕ್ಕೆ ಸಾಕ್ಷಿ ಎಲ್ಲಿಂದ ತರಲಿ? ಕಾಗದದ ಮೇಲೆ ಇದ್ದದ್ದು ನನ್ನ ಸಹಿ ಒಂದೇ.

ಇದು ಎರಡನೇ ತಪ್ಪು ತಿಳಿವಳಿಕೆಗೆ ತಂದಿತು: 'ಸಾಹೇಬ್ರು ಹೇಳಿದ್ದು, ಜವಾಬ್ದಾರಿ ಅವರದ್ದು.' ಕಾನೂನು ಹಾಗೆ ನೋಡುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 344ನೇ ಸೆಕ್ಷನ್ ಲೆಕ್ಕಪುಸ್ತಕ, ದಾಖಲೆಗಳನ್ನು ಸುಳ್ಳು ಮಾಡುವುದರ ಬಗ್ಗೆ ಇದೆ. ಹಳೇ ಐಪಿಸಿಯಲ್ಲಿ ಅದು 477ಎ ಆಗಿತ್ತು. ಅದು ಮಾತಾಡುವುದೇ ಗುಮಾಸ್ತ, ಅಧಿಕಾರಿ, ನೌಕರನ ಬಗ್ಗೆ, ಅಂದರೆ ನಿಮ್ಮಂಥವರ ಬಗ್ಗೆ. ಶಿಕ್ಷೆ 7 ವರ್ಷದವರೆಗೂ ಇದೆ. ಮೋಸ ಮಾಡುವ ಉದ್ದೇಶ ಇತ್ತು ಅಂತ ಸಾಬೀತಾಗಬೇಕು, ಅದನ್ನೂ ಹೇಳಬೇಕು. ಆದರೆ ಗಿರಾಕಿಯ ಆಡಿಟ್‌ಗೆ ತೋರಿಸಲೆಂದೇ ಬರೆದ ಪುಟ, ಅದರಲ್ಲೂ ಬೇರೆಯವರ ಇನಿಷಿಯಲ್ ನಿಮ್ಮ ಕೈಯಿಂದ ಹಾಕಿದ ಪುಟ, ಉದ್ದೇಶ ಒಳ್ಳೆಯದಿತ್ತು ಅಂತ ವಾದಿಸಲು ಬಹಳ ಕಷ್ಟದ ಪುಟ. ಖೋಟಾ ದಾಖಲೆಯನ್ನು ವಿವರಿಸುವ 335ನೇ ಸೆಕ್ಷನ್‌ನಲ್ಲಿ ಒಂದು ಉದಾಹರಣೆಯೇ ಹಿಂದಿನ ತಾರೀಖು ಹಾಕಿದ್ದರ ಬಗ್ಗೆ ಇದೆ. ಒಬ್ಬನಿಗೆ ಆಸ್ತಿ ಮಾರಿದವನು, ಅವನಿಗೆ ಮೋಸ ಮಾಡಲು ಇನ್ನೊಬ್ಬನ ಹೆಸರಿಗೆ 6 ತಿಂಗಳು ಹಿಂದಿನ ತಾರೀಖಿನ ಪತ್ರ ಮಾಡಿಕೊಟ್ಟರೆ ಅದು ಖೋಟಾ ಎನ್ನುತ್ತದೆ. ಅಲ್ಲಿ ಅವನು ಹಾಕಿದ್ದು ಸ್ವಂತ ಸಹಿಯನ್ನೇ, ಗಮನಿಸಿ.

ಇಂಥ ಪುಟಕ್ಕೆ ಪೊಲೀಸರು ಮನೆಗೆ ಬರುವುದು ಅಪರೂಪ, ನಿಮ್ಮನ್ನು ಹೆದರಿಸಲು ನಾನು ಇದನ್ನು ಬರೆಯುತ್ತಿಲ್ಲ. ನಿಜವಾಗಿ ಆಗುವುದು ಬೇರೆ. ಆಡಿಟ್‌ನಲ್ಲಿ ಸಿಕ್ಕಿಬಿದ್ದರೆ ಕಂಪನಿಗೆ ಒಬ್ಬ ಬಲಿ ಬೇಕಾಗುತ್ತದೆ. 'ನಮ್ಮ ವ್ಯವಸ್ಥೆ ಸರಿ ಇದೆ, ಒಬ್ಬ ಕೆಮಿಸ್ಟ್ ತಪ್ಪು ಮಾಡಿದ, ಅವನನ್ನು ತೆಗೆದಿದ್ದೇವೆ' ಅಂತ ಗಿರಾಕಿಗೆ ಪತ್ರ ಹೋಗುತ್ತದೆ. ಅಂಥ ಪತ್ರಗಳನ್ನು ನಾನು ಓದಿದ್ದೇನೆ. ಅದರಲ್ಲಿ ಮ್ಯಾನೇಜರ್ ಹೆಸರು ಇದ್ದದ್ದು ನಾನು ಕಂಡಿಲ್ಲ. ಹೀಗಾಗಿ 'ಬರೆದರೆ ಕೆಲಸ ಉಳಿಯುತ್ತೆ, ಬರೆಯದಿದ್ದರೆ ಹೋಗುತ್ತೆ' ಅನ್ನುವ ತಕ್ಕಡಿಯೇ ಸರಿ ಇಲ್ಲ. ಎರಡೂ ಕಡೆ ಕೆಲಸದ ಅಪಾಯ ಇದೆ. ಬರೆಯದೆ ಹೋದ ಕೆಲಸ ಆದರೆ ಮುಂದಿನ ಕೆಲಸಕ್ಕೆ ಅಡ್ಡ ಬರುವುದಿಲ್ಲ, ಡೇಟಾ ತಿದ್ದಿದ್ದಕ್ಕೆ ಹೋದ ಕೆಲಸ ಹೈದರಾಬಾದ್‌ವರೆಗೂ ಹಿಂಬಾಲಿಸುತ್ತದೆ. ಜೀಡಿಮೆಟ್ಲ, ಪಟಾನ್‌ಚೆರುವಿನ ಎಚ್‌ಆರ್‌ನವರು ಫೋನ್ ಮಾಡಿ ವಿಚಾರಿಸದೆ ಕೆಮಿಸ್ಟನ್ನು ತೆಗೆದುಕೊಳ್ಳುವುದು ಕಡಿಮೆ.

ಸಾಹೇಬರ ಕಡೆಯಿಂದಲೂ ಒಂದು ನಿಮಿಷ ನೋಡಿ, ಯಾಕೆಂದರೆ ನಾಳೆ ನೀವು ಅವರ ಜೊತೆಗೇ ಮಾತಾಡಬೇಕು. ಅವರು ಕೆಟ್ಟವರೇ ಆಗಬೇಕಿಲ್ಲ. ತಿಂಗಳ ಕೊನೆಗೆ ಇಷ್ಟು ಟನ್ ಡಿಸ್ಪ್ಯಾಚ್ ಆಗಬೇಕು ಅಂತ ಹೆಡ್ ಆಫೀಸ್ ಒತ್ತಡ. ರಾತ್ರಿ ಪಾಳಿಗೆ ಒಬ್ಬ ಕೆಮಿಸ್ಟ್, ಮೂರು ರಿಯಾಕ್ಟರ್. ಅವನು ಓಡಾಡಿ ಕೆಲಸ ಮಾಡುತ್ತಾನೆ, ಬೆಳಿಗ್ಗೆ ಕಂಪನಿ ಬಸ್ ಹೊರಡುವ ಹತ್ತು ನಿಮಿಷ ಮೊದಲು ನೆನಪಿನಿಂದ ಎಲ್ಲ ಬರೆಯುತ್ತಾನೆ. ಒಂದು ದಿನ ಬಸ್ ಹೊರಟುಬಿಡುತ್ತದೆ, ಪುಟ ಖಾಲಿ ಉಳಿಯುತ್ತದೆ. ಆ ಖಾಲಿ ಪುಟವನ್ನು ಮರುದಿನವೇ ಯಾರೂ ನೋಡುವುದಿಲ್ಲ, ಆಡಿಟ್ ನೋಟಿಸ್ ಬಂದಮೇಲೆ ನೋಡುತ್ತಾರೆ. ಆಗ ಹೆದರಿಕೆ ಶುರುವಾಗುತ್ತದೆ. ನಿಮ್ಮ ಮ್ಯಾನೇಜರ್ ಹೆದರಿದ್ದಾರೆ. ಹೆದರಿದವರಿಗೆ 'ಆಗಲ್ಲ' ಅನ್ನುವ ಮಾತು ಮಾತ್ರ ಹೇಳಿದರೆ ಅವರಿಗೆ ಗೋಡೆ ಕಾಣುತ್ತದೆ. ಬಾಗಿಲನ್ನೂ ತೋರಿಸಬೇಕು.

ಬಾಗಿಲು ಇದೆ. ಅದರ ಹೆಸರು ಡೀವಿಯೇಷನ್, ಅಂದರೆ ನಿಯಮದಂತೆ ಆಗದೆ ಹೋದದ್ದನ್ನು ಬರೆದು ತನಿಖೆಗೆ ಒಪ್ಪಿಸುವುದು. ನಿಮಗೆ ಗೊತ್ತಿರುವ ಫಾರಂ ಅದು, ಆದರೆ ಜನ ಅದನ್ನು ತಪ್ಪೊಪ್ಪಿಗೆ ಪತ್ರ ಅಂದುಕೊಂಡು ಹೆದರುತ್ತಾರೆ. ಅದು ಇಂಥ ಸಂದರ್ಭಕ್ಕೇ ಇರುವುದು. ಒಂದು ವಿಷಯ ಮಾತ್ರ ಸ್ಪಷ್ಟ ಇರಲಿ. ಲೇಟ್ ಎಂಟ್ರಿ ಅಂತ ನಾವು ಮಾಡುತ್ತೇವಲ್ಲ, ಬರೆಯಲು ಮರೆತದ್ದನ್ನು ಇವತ್ತಿನ ತಾರೀಖು ಹಾಕಿ, 'ತಡವಾಗಿ ಬರೆದದ್ದು' ಅಂತ ಕಾರಣ ಸಮೇತ ನಮೂದಿಸಿ ಸಹಿ ಹಾಕುವುದು, ಅದನ್ನು ಆ ಕೆಲಸ ಮಾಡಿದವನೇ ಮಾಡಬೇಕು. ನಿಮ್ಮ ವಿಷಯದಲ್ಲಿ ಆ ಮನುಷ್ಯ ಕಾರ್ಖಾನೆಯಲ್ಲಿ ಇಲ್ಲ. ಅಂದಮೇಲೆ ಆ ಲಾಗ್‌ಬುಕ್ ಪುಟದಲ್ಲಿ ಆ ಕ್ಲೀನಿಂಗನ್ನು ಬರೆಯುವ ಹಕ್ಕು ಈಗ ಯಾರಿಗೂ ಇಲ್ಲ. ಇವತ್ತಿನ ತಾರೀಖು ಹಾಕಿದರೂ ನಿಮಗಿಲ್ಲ, ನಿಮ್ಮ ಮ್ಯಾನೇಜರ್‌ಗೂ ಇಲ್ಲ. ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದು, ಇವತ್ತಿನ ತಾರೀಖಿನಲ್ಲಿ 'ಡೀವಿಯೇಷನ್ ನಂಬರ್ ಇಂತಿಷ್ಟು ನೋಡಿ' ಅಂತ ಗುಣಮಟ್ಟ ಖಾತ್ರಿ ವಿಭಾಗದ ಕ್ಯೂಎಯವರು ಬರೆಯುತ್ತಾರೆ. ಅಷ್ಟೇ.

ಇನ್ನು ಡೀವಿಯೇಷನ್ ಒಳಗೆ ಏನಿರಬೇಕು? ಇಲ್ಲೇ ಸ್ಟೋರ್ಸ್ ಸ್ಲಿಪ್ ಕೆಲಸಕ್ಕೆ ಬರುತ್ತದೆ.

ಆ ರಾತ್ರಿ ಮೆಥನಾಲ್ ಇಶ್ಯೂ ಆಗಿದೆ, ರಿನ್ಸ್ ಸ್ಯಾಂಪಲ್ ಲ್ಯಾಬ್‌ಗೆ ಹೋಗಿದೆ, ರಿಸಲ್ಟ್ ಕೂಡ ಬಂದಿದೆ ಅನ್ನಿ. ಆಗ ಕ್ಲೀನಿಂಗ್ ನಡೆದಿದೆ ಅನ್ನಲು ಒಳ್ಳೆಯ ಆಧಾರ ಇದೆ. ನಿಮ್ಮ ಎಸ್‌ಒಪಿ ಸಮಯ ನನ್ನ ಲೆಕ್ಕಕ್ಕಿಂತ ಕಡಿಮೆ ಇತ್ತು ಅಂತಾಯಿತು. ಆ ದಾಖಲೆಗಳ ಪ್ರತಿಗಳನ್ನೆಲ್ಲ ಡೀವಿಯೇಷನ್‌ಗೆ ಸೇರಿಸುತ್ತಾರೆ. ಆ ರಾತ್ರಿ ಇದ್ದ ಆಪರೇಟರ್‌ಗಳು, ಹೆಲ್ಪರ್‌ಗಳು ಇನ್ನೂ ಕೆಲಸದಲ್ಲಿದ್ದರೆ ಅವರ ಹೇಳಿಕೆಯನ್ನು ಇವತ್ತಿನ ತಾರೀಖಿನಲ್ಲಿ ಪಡೆಯುತ್ತಾರೆ. ಕೆಲಸ ಬಿಟ್ಟ ಕೆಮಿಸ್ಟ್‌ಗೆ ಕಂಪನಿಯೇ ಫೋನ್ ಮಾಡಿ, ಮೇಲ್ ಮೂಲಕ ಹೇಳಿಕೆ ಕೇಳಬಹುದು. ಅವರು ಬರೆದುಕೊಟ್ಟರೆ ಅದೂ ಇವತ್ತಿನ ತಾರೀಖಿನ ಕಾಗದವಾಗಿಯೇ ಸೇರುತ್ತದೆ. ಇದೆಲ್ಲ ಒಂದು ದಿನದ ಕೆಲಸ. ಆಡಿಟರ್ ಇದನ್ನು ನೋಡಿ 'ದಾಖಲೆ ಇಡುವುದರಲ್ಲಿ ಲೋಪ' ಅಂತ ಒಂದು ಅಬ್ಸರ್ವೇಷನ್ ಕೊಡಬಹುದು. ಕೊಡಲಿ. ಅದಕ್ಕೆ ಉತ್ತರ ಇದೆ.

ಮೆಥನಾಲ್ ಇಶ್ಯೂ ಆಗಿಲ್ಲ, ಸ್ಯಾಂಪಲ್ ಹೋಗಿಲ್ಲ ಅನ್ನಿ. ಆಗ ಸುಮ್ನೆ ನೀರು ಹಾಯಿಸಿ ಮುಂದಿನ ಬ್ಯಾಚ್ ಹಾಕಿದ್ದಾರೆ ಅಂತಲೇ ತಿಳಿಯಬೇಕು. ಈಗ ಪ್ರಶ್ನೆ ಲಾಗ್‌ಬುಕ್‌ನದ್ದಲ್ಲ. ಶುಗರ್ ಔಷಧದ ಬ್ಯಾಚ್‌ನಲ್ಲಿ ಬಿಪಿ ಔಷಧ ಎಷ್ಟು ಉಳಿದಿದೆ ಅನ್ನುವುದು. ಬಹಳ ಘಟಕಗಳು ಹಿಂದಿನ ಔಷಧದ ಶೇಷಕ್ಕೆ ಇಟ್ಟುಕೊಳ್ಳುವ ಮಿತಿ 10 ಪಿಪಿಎಂ, ಅಂದರೆ ಕಿಲೋಗೆ 10 ಮಿಲಿಗ್ರಾಂ. ಕೆಲವು ಔಷಧಗಳಿಗೆ ಅದಕ್ಕಿಂತಲೂ ಕಡಿಮೆ. ಆ ಬ್ಯಾಚ್ ಇನ್ನೂ ಗೋದಾಮಿನಲ್ಲಿದ್ದರೆ ಇವತ್ತೇ ಹೋಲ್ಡ್ ಹಾಕಬೇಕು. ಹೋಗಿದ್ದರೂ ಆ ಬ್ಯಾಚ್‌ನಿಂದ ತೆಗೆದಿಟ್ಟ ರಿಟೇನ್ ಸ್ಯಾಂಪಲ್ ಲ್ಯಾಬ್‌ನಲ್ಲಿ ಇದ್ದೇ ಇರುತ್ತದೆ. ಅದರಲ್ಲಿ ಬಿಪಿ ಔಷಧವನ್ನು ಹುಡುಕುವ ಪರೀಕ್ಷೆಗೆ ವಿಧಾನ ಸಿದ್ಧ ಇದ್ದರೆ ಒಂದು ದಿನ ಸಾಕು, ಯಾಕೆಂದರೆ ರಿನ್ಸ್ ಸ್ಯಾಂಪಲ್‌ಗೆ ಬಳಸುವ ವಿಧಾನವನ್ನೇ ಸ್ವಲ್ಪ ಹೊಂದಿಸಿಕೊಳ್ಳಬಹುದು. ಮಿತಿಯೊಳಗೆ ಬಂದರೆ ಕ್ಯೂಎ ಆ ಆಧಾರದ ಮೇಲೆ ತೀರ್ಮಾನ ತೆಗೆದುಕೊಳ್ಳುತ್ತದೆ. ಮೀರಿದರೆ ಬ್ಯಾಚ್ ರಿಜೆಕ್ಟ್, ಕಳಿಸಿದ್ದರೆ ಗಿರಾಕಿಗೆ ತಿಳಿಸಬೇಕು. ಕಂಪನಿಗೆ ನಷ್ಟ ಆಗುತ್ತದೆ, ನಿಜ. ಆದರೆ ಆ ಪುಡಿ ಮಾತ್ರೆಯಾಗಿ ಯಾವುದೋ ಊರಿನ ಶುಗರ್ ಇರುವ ಅಜ್ಜಿಯ ಕೈಗೆ ಹೋಗುತ್ತದೆ. ಆಕೆಗೆ ಮೊದಲೇ ಬಿಪಿ ಕಡಿಮೆ ಇದ್ದರೆ, ದಿನವೂ ಎರಡು ಹೊತ್ತು ತನಗೆ ಗೊತ್ತಿಲ್ಲದ ಔಷಧವನ್ನೂ ನುಂಗುತ್ತಿರುತ್ತಾಳೆ. ಸುಳ್ಳು ಪುಟ ಬರೆದರೆ ಆ ಪರೀಕ್ಷೆ ಮಾಡುವ ಯೋಚನೆಯೇ ಯಾರಿಗೂ ಬರುವುದಿಲ್ಲ. ನನಗೆ ಹೆಚ್ಚು ಸಂಕಟ ಆಗುವುದು ಇದಕ್ಕೇ.

ದಾಖಲೆ ಕೆಲಸ ನಡೆಯುವಾಗಲೇ ಬರೆಯಬೇಕು ಅನ್ನುವುದು ಈಗ ವಿದೇಶಿ ಗಿರಾಕಿಗಳ ಕಿರಿಕಿರಿ ಮಾತ್ರ ಅಲ್ಲ. 2023ರ ಡಿಸೆಂಬರ್ 28ರ ಅಧಿಸೂಚನೆಯಲ್ಲಿ ಬಂದ, ಔಷಧ ತಯಾರಿಕೆಯ ನಮ್ಮ ದೇಶದ ನಿಯಮಾವಳಿಯಾದ ಪರಿಷ್ಕೃತ ಶೆಡ್ಯೂಲ್ ಎಂ ಕೂಡ ಅದನ್ನೇ ಹೇಳುತ್ತದೆ. ಗಿರಾಕಿಯ ಆಡಿಟರ್ ಕಣ್ಣಲ್ಲಿ ಖಾಲಿ ಪುಟಕ್ಕೂ ಸುಳ್ಳು ಪುಟಕ್ಕೂ ಅಜಗಜ ಅಂತರ. ಡೀವಿಯೇಷನ್ ಇರುವ ಖಾಲಿ ಪುಟ ಒಂದು ಅಬ್ಸರ್ವೇಷನ್. ತಿದ್ದಿದ ದಾಖಲೆ 'ಕ್ರಿಟಿಕಲ್', ಅದೊಂದರಿಂದಲೇ ಆರ್ಡರ್ ನಿಂತುಹೋಗಬಹುದು. ಅಲ್ಲಿಂದ ಮುಂದೆ ಅವನು ನಿಮ್ಮ ಒಳ್ಳೆಯ ಪುಟಗಳನ್ನೂ ನಂಬುವುದಿಲ್ಲ. ನಿಮ್ಮ ಮ್ಯಾನೇಜರ್‌ಗೆ ನಾಟುವ ವಾದ ಇದು. ನೀತಿಯ ಮಾತಿಗಿಂತ ಇದನ್ನು ಮುಂದಿಡಿ.

ಹೇಗೆ ಹೇಳುವುದು? ಎಲ್ಲರ ಎದುರಿಗೆ ಬೇಡ, ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ಅವರ ಕ್ಯಾಬಿನ್‌ಗೆ ಒಬ್ಬರೇ ಹೋಗಿ. 'ಸರ್, ಆ ದಿನ ನನಗೆ ವೀಕ್ಲಿ ಆಫ್ ಇತ್ತು. ನನ್ನ ಸಹಿ ಇದ್ದರೆ ಆಡಿಟರ್ ಮೊದಲು ಅಟೆಂಡೆನ್ಸ್ ನೋಡ್ತಾನೆ, ನಿಮಗೇ ತೊಂದರೆ ಆಗ್ತದ. ಡೀವಿಯೇಷನ್ ಡ್ರಾಫ್ಟ್ ನಾನೇ ಮಾಡಿಕೊಡ್ತೀನಿ ಸರ್, ಇವತ್ತು ಸಂಜೆಯೊಳಗ' ಅನ್ನಿ. ನೋಡಿ, ಇದರಲ್ಲಿ 'ಆಗಲ್ಲ' ಅನ್ನುವ ಪದವೇ ಇಲ್ಲ. ಕೆಲಸದ ಹೊರೆಯನ್ನು ನೀವು ಹೊರುತ್ತಿದ್ದೀರಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಆರೇಳು ಮಂದಿ ಇಲ್ಲಿಗೇ ಒಪ್ಪುತ್ತಾರೆ. ಬೈದುಕೊಂಡೇ ಒಪ್ಪುತ್ತಾರೆ, ಆದರೆ ಒಪ್ಪುತ್ತಾರೆ.

ಒಪ್ಪದಿದ್ದರೆ ಅದೇ ದಿನ ಆಫೀಸ್ ಮೇಲ್‌ನಿಂದ ಅವರಿಗೆ ಎರಡೇ ಸಾಲು ಕಳಿಸಿ. ಕ್ಯೂಎ ಮುಖ್ಯಸ್ಥರಿಗೆ ಅದರ ಪ್ರತಿ ಹೋಗಲಿ. 'ಇಂಥ ದಿನದ ಇಂಥ ರಿಯಾಕ್ಟರ್‌ನ ಕ್ಲೀನಿಂಗ್ ದಾಖಲೆ ಖಾಲಿ ಇರುವುದು ಗಮನಕ್ಕೆ ಬಂದಿದೆ. ಆ ದಿನ ನಾನು ಕರ್ತವ್ಯದಲ್ಲಿ ಇರಲಿಲ್ಲ. ಡೀವಿಯೇಷನ್ ನಂಬರ್ ಕೊಡಬೇಕೆಂದು ಕೋರುತ್ತೇನೆ.' ಇಷ್ಟೇ. 'ನೀವು ಹೀಗೆ ಮಾಡು ಅಂದಿರಿ' ಅಂತ ಆರೋಪ ಬರೆಯಬೇಡಿ. ಆರೋಪ ಬರೆದರೆ ಜಗಳ ಆಗುತ್ತದೆ, ಸಂಗತಿ ಬರೆದರೆ ದಾಖಲೆ ಆಗುತ್ತದೆ. ಈ ಮೇಲ್ ಹೋದಮೇಲೆ ಆ ಪುಟವನ್ನು ಬೇರೆ ಯಾರೇ ತುಂಬಿದರೂ ಅದು ಸುಳ್ಳು ಅಂತ ಸರ್ವರ್‌ನಲ್ಲೇ ಇರುತ್ತದೆ. ಹಾಗಾಗಿ ಯಾರೂ ತುಂಬುವುದಿಲ್ಲ. ಇದರ ಅಪಾಯವನ್ನೂ ಹೇಳುತ್ತೇನೆ. ಸಾಹೇಬರಿಗೆ ಸಿಟ್ಟು ಬರುತ್ತದೆ. ಪಾಳಿ ಬದಲಾಗಬಹುದು, ಇನ್‌ಕ್ರಿಮೆಂಟ್ ಕಡಿಮೆ ಆಗಬಹುದು, ಒಂದಾರು ತಿಂಗಳು ಸರಿಯಾಗಿ ಮಾತಾಡದೆ ಇರಬಹುದು. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಮಾಡಬಾರದ ಒಂದು ಕೆಲಸ ಇದೆ. ಲಾಗ್‌ಬುಕ್ ಪುಟದ ಫೋಟೊ ಹೊಡೆದುಕೊಳ್ಳುವುದು, ಬ್ಯಾಚ್ ರೆಕಾರ್ಡ್‌ಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳುವುದು. ಸಾಕ್ಷಿ ಬೇಕು ಅಂತ ಹುಡುಗರು ಮೊದಲು ಮಾಡುವುದೇ ಇದನ್ನು. ಪ್ಲಾಂಟ್ ಒಳಗೆ ಫೋನ್ ನಿಷೇಧ ಇದ್ದರೆ, ಗೋಪ್ಯತೆಯ ಕರಾರಿಗೆ ನೀವು ಸಹಿ ಹಾಕಿದ್ದರೆ, ನಿಮ್ಮನ್ನು ತೆಗೆಯಲು ಅವರಿಗೆ ನೀವೇ ಕಾರಣ ಕೊಟ್ಟ ಹಾಗಾಯಿತು. ಬದಲಿಗೆ ಮನೆಯಲ್ಲಿ ಒಂದು ನೋಟ್‌ಬುಕ್‌ನಲ್ಲಿ ಯಾವತ್ತು, ಎಷ್ಟು ಗಂಟೆಗೆ, ಎಲ್ಲಿ, ಯಾರು ಏನಂದರು, ನೀವು ಏನಂದಿರಿ ಅಂತ ಅದೇ ರಾತ್ರಿ ಬರೆದಿಡಿ. ನಿಮ್ಮದೇ ಆದ ಕಾಗದಗಳಾದ ಅಪಾಯಿಂಟ್‌ಮೆಂಟ್ ಲೆಟರ್, ಸಂಬಳದ ಸ್ಲಿಪ್, ಇನ್‌ಕ್ರಿಮೆಂಟ್ ಪತ್ರಗಳ ಪ್ರತಿ ಮನೆಯಲ್ಲಿರಲಿ. ಪಿಎಫ್ ಪೋರ್ಟಲ್‌ನಲ್ಲಿ ನಿಮ್ಮ ಸರ್ವಿಸ್ ಹಿಸ್ಟರಿ ಸರಿ ಇದೆಯಾ ನೋಡಿಕೊಳ್ಳಿ. ಎಕ್ಸ್‌ಪೀರಿಯನ್ಸ್ ಲೆಟರ್ ತಡೆದರೂ ಎರಡು ವರ್ಷ ಅಲ್ಲಿ ದುಡಿದದ್ದಕ್ಕೆ ಅದು ಆಧಾರ.

ಕೆಲಸದಿಂದ ತೆಗೆಯುವುದು ಅವರು ಹೇಳಿದಷ್ಟು ಸುಲಭವೂ ಅಲ್ಲ. ನೀವು ಪ್ರೊಬೇಷನ್ ಮುಗಿಸಿ ಕಾಯಂ ಆಗಿದ್ದೀರಾ ಅನ್ನುವುದು ಮುಖ್ಯ. ಪ್ರೊಬೇಷನ್‌ನಲ್ಲಿದ್ದರೆ ಆಸರೆ ಕಡಿಮೆ, ಇದನ್ನು ಮುಚ್ಚಿಡುವುದಿಲ್ಲ. ಕಾಯಂ ಆಗಿದ್ದರೆ, ತಪ್ಪು ಮಾಡಿದ ಅಂತ ತೆಗೆಯಲು ಆರೋಪ ಪತ್ರ ಕೊಡಬೇಕು, ವಿಚಾರಣೆ ನಡೆಸಬೇಕು. 'ಕೆಮಿಸ್ಟ್', 'ಎಕ್ಸಿಕ್ಯುಟಿವ್' ಅಂತ ಹುದ್ದೆಯ ಹೆಸರು ಏನೇ ಇರಲಿ, ಕಾರ್ಮಿಕ ಕಾನೂನು ನೋಡುವುದು ನೀವು ನಿಜವಾಗಿ ಮಾಡುವ ಕೆಲಸವನ್ನು. ತಾಂತ್ರಿಕ ಕೆಲಸ ಅದರ ವ್ಯಾಪ್ತಿಗೆ ಬರುತ್ತದೆ. ಹಾಗೇನಾದರೂ ಆದರೆ ಕಾರ್ಮಿಕ ಅಧಿಕಾರಿಯ ಬಳಿ ಹೋಗಬಹುದು. ಆದರೆ ಅಲ್ಲಿ ರಾಜಿ, ಕೋರ್ಟು ಅಂತ ವರ್ಷಗಳು ಹಿಡಿಯುತ್ತವೆ. ತಂಗಿಯ ಮದುವೆ ಸಾಲದ ಕಂತು ಅಷ್ಟು ದಿನ ಕಾಯುವುದಿಲ್ಲ. ಅದಕ್ಕೇ ಬಾಯಿಮಾತಿನಲ್ಲಿ ಅಥವಾ ಒತ್ತಾಯಕ್ಕೆ ರಾಜೀನಾಮೆ ಮಾತ್ರ ಬರೆದುಕೊಡಬೇಡಿ. 'ನೀನೇ ಬರೆದುಕೊಡು, ಒಳ್ಳೆ ಲೆಟರ್ ಕೊಡ್ತೀವಿ' ಅಂದರೆ ಒಂದು ದಿನ ಟೈಮ್ ಕೇಳಿ ಮನೆಗೆ ಬನ್ನಿ. ರಾಜೀನಾಮೆ ಬರೆದ ಕ್ಷಣ ಈ ಎಲ್ಲ ರಕ್ಷಣೆ ಹೋಗುತ್ತದೆ.

ಮೇಲಿನವರಿಗೆ ದೂರು ಕೊಡಬಹುದಾ ಅಂತ ನೀವು ಕೇಳಿಲ್ಲ, ಆದರೆ ಯೋಚನೆ ಬಂದಿರುತ್ತದೆ. ಲಿಸ್ಟೆಡ್ ಕಂಪನಿಗಳು, ಮತ್ತು ಬ್ಯಾಂಕು, ಹಣಕಾಸು ಸಂಸ್ಥೆಗಳಿಂದ 50 ಕೋಟಿಗಿಂತ ಹೆಚ್ಚು ಸಾಲ ಪಡೆದ ಕಂಪನಿಗಳು ನೌಕರರ ದೂರಿಗೆ ವಿಜಿಲ್ ಮೆಕ್ಯಾನಿಸಂ ಇಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ನಿಮ್ಮ ಕಂಪನಿಯ ವೆಬ್‌ಸೈಟ್‌ನಲ್ಲೋ ಎಚ್‌ಆರ್ ಪಾಲಿಸಿಯಲ್ಲೋ ಇರುತ್ತದೆ. ಕ್ಯೂಎ ಮುಖ್ಯಸ್ಥರೂ ಕೈಬಿಟ್ಟರೆ, ಬ್ಯಾಚ್ ಶುದ್ಧ ಇಲ್ಲ ಅನ್ನುವುದು ನಿಮಗೆ ಗೊತ್ತಿದ್ದರೆ, ಆ ಬಾಗಿಲು ತಟ್ಟಿ. ಅದೂ ಆಗದಿದ್ದರೆ ಔಷಧ ನಿಯಂತ್ರಣ ಇಲಾಖೆ ಇದೆ. ಒಂದು ಮಾತ್ರ ತಿಳಿದಿರಿ. ರ‍್ಯಾನ್‌ಬಾಕ್ಸಿಯ ಸುಳ್ಳು ದಾಖಲೆಗಳನ್ನು ಹೊರಗೆ ತಂದ ದಿನೇಶ್ ಠಾಕೂರ್ ಬಗ್ಗೆ ನೀವು ಕೇಳಿರಬಹುದು. 2013ರಲ್ಲಿ ಆ ಕಂಪನಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಿತು, ಅವರಿಗೆ ಅದರಲ್ಲಿ ಪಾಲು ಸಿಕ್ಕಿತು. ಅದು ಅಮೆರಿಕದ ಕಾನೂನಿನಿಂದ ಆದದ್ದು. ನಮ್ಮಲ್ಲಿ ಖಾಸಗಿ ಕಾರ್ಖಾನೆಯ ನೌಕರನಿಗೆ ಅಂಥ ಬಹುಮಾನವೂ ಇಲ್ಲ, ಅಷ್ಟು ಗಟ್ಟಿ ರಕ್ಷಣೆಯೂ ಇಲ್ಲ. ಹೊರಗಿನ ದೂರು ಕೊನೆಯ ಮೆಟ್ಟಿಲು. ಬೇರೆ ಕೆಲಸದ ಆಫರ್ ಕೈಗೆ ಬಂದಮೇಲೆ ಆ ಮೆಟ್ಟಿಲು ಹತ್ತುವುದು ಲೇಸು. ರೋಗಿಗೆ ನೇರ ಅಪಾಯ ಕಾಣುತ್ತಿದ್ದರೆ ಮಾತ್ರ ಅಷ್ಟು ದಿನ ಕಾಯಬೇಡಿ.

ಬೇರೆ ಕೆಲಸ ಹುಡುಕುವುದನ್ನು ಮಾತ್ರ ಈ ವಾರವೇ ಶುರು ಮಾಡಿ, ಸಾಹೇಬರು ಒಪ್ಪಿದರೂ ಸರಿ. ಒಂದು ಖಾಲಿ ಪುಟ ಯಾರಿಂದಲೂ ಆಗಬಹುದು. ಅದನ್ನು ತುಂಬಲು ಹೇಳಿದ ರೀತಿ ಆ ಜಾಗದ ಅಭ್ಯಾಸ ತೋರಿಸುತ್ತದೆ. ಎರಡು ವರ್ಷದ ಪ್ಲಾಂಟ್ ಅನುಭವ ಇರುವ ಎಂ.ಎಸ್ಸಿ ಕೆಮಿಸ್ಟ್‌ಗೆ ಕೆಲಸ ಸಿಗುತ್ತದೆ. ನೋಟಿಸ್ ಅವಧಿ ಎಷ್ಟು ಅಂತ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ನೋಡಿಕೊಂಡು, ಅಷ್ಟು ತಿಂಗಳ ಸಾಲದ ಕಂತನ್ನು ಪಕ್ಕಕ್ಕೆ ಎತ್ತಿಡಲು ಆಗುತ್ತಾ ಯೋಚಿಸಿ.

ಆಡಿಟ್‌ಗೆ 9 ದಿನ ಇದೆ ಅಂದಿರಿ. ಸ್ಲಿಪ್ ಮತ್ತು ರಿಜಿಸ್ಟರ್ ನೋಡಲು ನಾಳೆ ಬೆಳಿಗ್ಗೆ ಒಂದು ಗಂಟೆ. ಸಾಹೇಬರ ಜೊತೆ ಮಾತು ನಾಳೆ ಮಧ್ಯಾಹ್ನ. ರಿಟೇನ್ ಸ್ಯಾಂಪಲ್ ಪರೀಕ್ಷೆಗೆ ಒಂದೆರಡು ದಿನ, ಹೇಳಿಕೆಗಳಿಗೆ ಒಂದು ದಿನ, ಕ್ಯೂಎ ತನಿಖೆ ಮುಗಿಸಿ ಸಹಿ ಹಾಕಲು ಮೂರು ದಿನ. ಎರಡು ದಿನ ಮಿಕ್ಕುತ್ತದೆ. ಆದರೆ ಇದು ನೀವು ನಾಳೆ ಶುರು ಮಾಡಿದರೆ.